ಈಕ್ವಿಟಿ ಬದಲಾವಣೆ ಪಟ್ಟಿಯ ಎಕ್ಸೆಲ್ ಶೀಟ್: 3ನೇ ಆವೃತ್ತಿ

ಇಂಡ್ ಎಎಸ್ ಅನುಸರಿಸುವ ಕಂಪನಿಯ ಲೆಕ್ಕಕ್ಕೆ ಹೊಂದುವಂತೆ ಈ ಶೀಟ್ ಕಟ್ಟುತ್ತಿದ್ದೇವೆ. ಈ ಸಲದ ಕೆಲಸ ಪೂರ್ತಿ ರಿಟೇನ್ಡ್ ಅರ್ನಿಂಗ್ಸ್ ಕಾಲಂ ಮೇಲೆ. ಷೇರು ಬಂಡವಾಳದ ಕಾಲಂ ಹೇಗೂ ಅಲುಗಾಡುವುದಿಲ್ಲ, ಅದರಲ್ಲಿ ಹೇಳುವಂಥದ್ದೇನಿಲ್ಲ.

ಪರೀಕ್ಷೆಗೆ ಬಳಸಿದ್ದು ಕಲ್ಪಿತ ಕಂಪನಿ, 50 ಲಕ್ಷ ಷೇರು. ಅಂಕಿಗಳೆಲ್ಲ ಲಕ್ಷ ರೂಪಾಯಿಗಳಲ್ಲಿ.

2023ರ ಏಪ್ರಿಲ್ 1ರ ಆರಂಭಿಕ ಶಿಲ್ಕು 840. ವರ್ಷದ ತೆರಿಗೆ ಕಳೆದ ಲಾಭ 212. ಗ್ರಾಚ್ಯುಟಿಯ ಆಕ್ಚುರಿಯಲ್ ನಷ್ಟ 8, ಅದರ ಮೇಲಿನ ತೆರಿಗೆ 2 ಕಳೆದರೆ 6. ಇದು ಲಾಭ-ನಷ್ಟದ ಅಂಕಿಯೊಳಗೆ ಸೇರದೆ ಓಸಿಐ ಮೂಲಕ ಬರುತ್ತದೆ. ಶೆಡ್ಯೂಲ್ 3ರ ಪ್ರಕಾರ ರಿಟೇನ್ಡ್ ಅರ್ನಿಂಗ್ಸ್‌ನಲ್ಲೇ ಪ್ರತ್ಯೇಕವಾಗಿ ಕಾಣಿಸಬೇಕು. ಜನರಲ್ ರಿಸರ್ವ್‌ಗೆ 20 ವರ್ಗಾವಣೆ.

ಹೆಚ್ಚು ಎಡವುವುದು ಡಿವಿಡೆಂಡ್ ಸಾಲಿನಲ್ಲಿ. 2022-23ರ ಅಂತಿಮ ಡಿವಿಡೆಂಡ್ ಷೇರಿಗೆ ₹1.20. ಅದಕ್ಕೆ ವಾರ್ಷಿಕ ಸಭೆ ಒಪ್ಪಿಗೆ ಕೊಟ್ಟದ್ದು 2023ರ ಆಗಸ್ಟ್‌ನಲ್ಲಿ, ಹಾಗಾಗಿ ಆ 60 ಕಳೆಯಬೇಕಾದದ್ದು 2023-24ರಲ್ಲಿ. 2024ರ ಫೆಬ್ರವರಿಯಲ್ಲಿ ಪಾವತಿಯಾದ ಮಧ್ಯಂತರ ಡಿವಿಡೆಂಡ್ 80 ಪೈಸೆ, ಅಂದರೆ 40, ಅದೂ ಇಲ್ಲೇ. ನಿರ್ದೇಶಕರು 2023-24ಕ್ಕೆ ಶಿಫಾರಸು ಮಾಡಿದ ₹1.50 ಬರೀ ಟಿಪ್ಪಣಿಗೆ ಹೋಗುತ್ತದೆ. ಮೂಲದಲ್ಲಿ ಕಡಿತವಾದ ತೆರಿಗೆಯೂ ಡಿವಿಡೆಂಡಿನ ಭಾಗವೇ, ಆದ್ದರಿಂದ ಕಡಿತಕ್ಕೆ ಮೊದಲಿನ ಮೊತ್ತವನ್ನೇ ಹಾಕಬೇಕು.

ಅಂತಿಮ ಶಿಲ್ಕು: 840 + 212 − 6 − 60 − 40 − 20 = 926.

ಬ್ಯಾಲೆನ್ಸ್ ಶೀಟ್ ಜೊತೆ ತಾಳೆಯಾಗದಿದ್ದರೆ ವ್ಯತ್ಯಾಸದ ಮೊತ್ತವೇ ದಾರಿ ತೋರಿಸುತ್ತದೆ. 911 ಬಂದರೆ 15 ಕಡಿಮೆ: ಯಾರೋ 60ರ ಬದಲು ಶಿಫಾರಸಿನ 75 ಕಳೆದಿದ್ದಾರೆ. 924 ಬಂದರೆ ಗ್ರಾಚ್ಯುಟಿ ನಷ್ಟವನ್ನು ತೆರಿಗೆ ಕಳೆಯದೆ 8 ಎಂದೇ ಹಾಕಲಾಗಿದೆ.

ಹಿಂದಿನ ಆವೃತ್ತಿಯ ತಾಳೆ ಸೂತ್ರವನ್ನು ಕಿತ್ತು ಹಾಕಿದ್ದೇವೆ. ಒಟ್ಟು ಕಾಲಂ ಪಕ್ಕದ ಕಾಲಂಗಳನ್ನೇ ಕೂಡಿಸುತ್ತಿದ್ದರೆ ಅಡ್ಡ ಮೊತ್ತವೂ ಉದ್ದ ಮೊತ್ತವೂ ಯಾವಾಗಲೂ ಒಂದೇ ಬರುತ್ತವೆ. ಡಿವಿಡೆಂಡ್ ತಪ್ಪಿದ್ದರೂ ಅಲ್ಲಿ ಸೊನ್ನೆಯೇ. ಈಗ ಹೋಲಿಕೆ ಟ್ರಯಲ್ ಬ್ಯಾಲೆನ್ಸ್‌ನಿಂದ ತಯಾರಾದ ಬ್ಯಾಲೆನ್ಸ್ ಶೀಟ್ ಜೊತೆ:

```
D11: =SUM(D5:D10)
D12: =D11-BS!C24
```

ಹೊಸದಾಗಿ ಸೇರಿದ್ದು 6ನೇ ಸಾಲು, ಹಳೆಯ ತಪ್ಪುಗಳ ತಿದ್ದುಪಡಿಗೆ. 2021-22ರಲ್ಲಿ 12 ಸವಕಳಿ ಬಿಟ್ಟುಹೋಗಿದ್ದು ಈಗ ಗೊತ್ತಾಯಿತು, ಮೊತ್ತ ಗಣನೀಯ ಎನ್ನೋಣ. ಮುಂದೂಡಿದ ತೆರಿಗೆ 3 ಕಳೆದು ಉಳಿಯುವ 9 ಈ ವರ್ಷದ ಲಾಭವನ್ನು ಮುಟ್ಟಬಾರದು. ಹೋಲಿಕೆಗೆ ಕೊಡುವ ವರ್ಷ 2022-23 ಆದ್ದರಿಂದ, ಅದು 2022ರ ಏಪ್ರಿಲ್ 1ರ ಶಿಲ್ಕಿನಲ್ಲೇ ಕಳೆಯುತ್ತದೆ. ಕಳೆದ ವರ್ಷ ಮುದ್ರಿತ ವರದಿಯಲ್ಲಿ 849 ಇದ್ದದ್ದು ಇಲ್ಲಿ 840 ಆಗಿರುವುದು ಇದರಿಂದಲೇ. ಈ ವರ್ಷದ ಭಾಗದಲ್ಲಿ 6ನೇ ಸಾಲು ಖಾಲಿ ಇರಬೇಕು, ಅಲ್ಲೂ 9 ತುಂಬಿದರೆ ಎರಡು ಸಲ ಕಳೆದಂತಾಗುತ್ತದೆ.

ಬೋನಸ್ ಷೇರು, ಬೈಬ್ಯಾಕ್ ಸಾಲುಗಳು ಇನ್ನೂ ಬಾಕಿ.