ಹೊಸ ಮನೆಯ ಸ್ನ್ಯಾಗ್ ಲಿಸ್ಟ್: ಆರನೇ ವಾರ, 17ನೇ ಸಾಲು

ಹೊಸ ಮನೆಯಲ್ಲಿ ಸರಿಪಡಿಸಬೇಕಾದ ದೋಷಗಳ ಈ ಪಟ್ಟಿಯಲ್ಲಿ ಶುರುವಿನಲ್ಲಿ 41 ಸಾಲುಗಳಿದ್ದವು. ಈಗ 29 ಮುಗಿದಿವೆ. ಅಡುಗೆಮನೆಯ ಕ್ಯಾಬಿನೆಟ್ ಬಾಗಿಲುಗಳು ಸರಿಯಾಗಿ ಮುಚ್ಚುತ್ತಿವೆ. ಹಾಲ್‌ನಲ್ಲಿ ತಟ್ಟಿದರೆ ಟೊಳ್ಳು ಸದ್ದು ಬರುತ್ತಿದ್ದ ಎರಡು ಟೈಲ್ಸ್ ಕಿತ್ತು ಮತ್ತೆ ಕೂರಿಸಿದ್ದಾರೆ. ಬಾಲ್ಕನಿಯ ಮೂಲೆಯಲ್ಲಿ ನೀರು ನಿಲ್ಲುವುದು ಹಾಗೇ ಇದೆ. ಇವತ್ತು ಬರೆಯಬೇಕಿರುವುದು 17ನೇ ಸಾಲಿನ ಬಗ್ಗೆ. ಉಳಿದ ಎಲ್ಲದಕ್ಕಿಂತ ಜಾಸ್ತಿ ಸಮಯ ತಿಂದದ್ದು ಅದೇ.

ಮೊದಲು ಅದನ್ನು ಹೀಗೆ ಬರೆದಿದ್ದೆ:

ಕೋಣೆ: ಮಲಗುವ ಕೋಣೆ, ಬಾತ್‌ರೂಮ್ ಕಡೆಯ ಗೋಡೆ. ದೋಷ: ನೆಲದಿಂದ ಎರಡು ಅಡಿ ಮೇಲೆ ಅಂಗೈ ಅಗಲದ ಕಲೆ, ಪೇಂಟ್ ಉಬ್ಬಿದೆ. ಹೊಣೆ: ಪೇಂಟರ್. ಸ್ಥಿತಿ: ಬಾಕಿ.

ಪೇಂಟರ್ ಬಂದರು, ಕೆರೆದರು, ಪುಟ್ಟಿ ಹಚ್ಚಿ ಎರಡು ಕೋಟ್ ಬಳಿದರು. ನಾನು "ಮುಗಿದಿದೆ" ಎಂದು ಬರೆದೆ. ಒಂಬತ್ತನೇ ದಿನ ಕಲೆ ವಾಪಸ್ ಬಂತು. ಈ ಸಲ ಅಂಚಿನಲ್ಲಿ ಬಿಳಿ ಪುಡಿ ಇತ್ತು. ಅದು ಉಪ್ಪು. ನೀರು ಗೋಡೆಯೊಳಗಿಂದ ಹಾದು ಬಂದು ಮೇಲ್ಮೈಯಲ್ಲಿ ಆರುವಾಗ ಸಿಮೆಂಟ್, ಇಟ್ಟಿಗೆಯ ಉಪ್ಪನ್ನು ಅಲ್ಲೇ ಬಿಟ್ಟು ಹೋಗುತ್ತದೆ. ಅಂದರೆ ಪೇಂಟರ್ ಕೆಲಸದಲ್ಲಿ ತಪ್ಪೇನೂ ಇರಲಿಲ್ಲ. ದೋಷ ಕಂಡ ಜಾಗ ನೋಡಿ ಹೊಣೆ ಬರೆದದ್ದು ನನ್ನ ತಪ್ಪು. ಅವರಿಗೆ ಫೋನ್ ಮಾಡಿ ಹಾಗೇ ಹೇಳಿದೆ.

ಹಾಗಾದರೆ ಹೊಣೆ ಯಾರದ್ದು? ಪ್ಲಂಬರ್ ಟೈಲ್ಸ್‌ನವರತ್ತ ಕೈ ತೋರಿಸಿದರು, ಟೈಲ್ಸ್‌ನವರು ಪ್ಲಂಬರ್‌ನತ್ತ. ಕಾರಣ ಗೊತ್ತಾಗುವ ತನಕ ಆ ಜಾಗದಲ್ಲಿ ಸೈಟ್ ಸೂಪರ್‌ವೈಸರ್ ಹೆಸರು ಬರೆದೆ. ಒಂದು ಸಾಲಿಗೆ ಒಬ್ಬರೇ ಇರಬೇಕು. ಇಬ್ಬರ ಹೆಸರು ಬರೆದರೆ ಯಾರೂ ಬರುವುದಿಲ್ಲ.

ಆಮೇಲೆ ಕಲೆಯ ಸುತ್ತ ಪೆನ್ಸಿಲ್‌ನಿಂದ ಗೆರೆ ಎಳೆದು ಪಕ್ಕದಲ್ಲಿ ತಾರೀಖು ಬರೆದೆವು. ಗೋಡೆಯಲ್ಲಿ ತೇವ ನಿಧಾನವಾಗಿ ಹರಡುತ್ತದೆ. ಹಾಗಾಗಿ ಒಂದು ಪರೀಕ್ಷೆ ಆದ ಮೇಲೆ ಎರಡು ದಿನ ಕಾದು ಇನ್ನೊಂದು ಮಾಡಿದೆವು.

ಮೊದಲು ಬಾತ್‌ರೂಮ್ ಬಳಸುವುದನ್ನೇ ನಿಲ್ಲಿಸಿದೆವು, ಆದರೆ ನೀರಿನ ವಾಲ್ವ್ ತೆರೆದೇ ಇಟ್ಟೆವು. ಗೋಡೆಯೊಳಗಿನ ಪೈಪ್ ಸೋರುತ್ತಿದ್ದರೆ ಒತ್ತಡ ಹಗಲು ರಾತ್ರಿ ಇರುವುದರಿಂದ ಕಲೆ ಬೆಳೆಯಲೇಬೇಕು. ಬೆಳೆಯಲಿಲ್ಲ. ನಂತರ ನೆಲದ ಡ್ರೈನ್ ಮುಚ್ಚಿ, ಎರಡೂವರೆ ಸೆಂಟಿಮೀಟರ್ ನೀರು ನಿಲ್ಲಿಸಿ 24 ಗಂಟೆ ಬಿಟ್ಟೆವು. ಮಟ್ಟ ಹೆಚ್ಚುಕಡಿಮೆ ಹಾಗೇ ಇತ್ತು, ಕಲೆಯೂ ಗೆರೆ ದಾಟಲಿಲ್ಲ.

ಇಲ್ಲಿ ಒಂದು ವಿಷಯ ನಮಗೆ ತಪ್ಪಿಹೋಗುವುದರಲ್ಲಿತ್ತು. ಬಿಸಿನೀರು, ತಣ್ಣೀರು ಬೆರೆಸುವ ಗೋಡೆಯ ನಲ್ಲಿ, ಅಂದರೆ ಮಿಕ್ಸರ್‌ನಿಂದ ಮೇಲಿನ ಶವರ್‌ಗೆ ಹೋಗುವ ಪೈಪ್‌ನಲ್ಲಿ ಶವರ್ ತೆರೆದಾಗ ಮಾತ್ರ ನೀರು ಹರಿಯುತ್ತದೆ. ಮೊದಲ ಪರೀಕ್ಷೆ ಅದನ್ನು ಮುಟ್ಟಿಯೇ ಇರಲಿಲ್ಲ. ಹಾಗಾಗಿ ಶವರ್ ಬಾಯಿಗೆ ಪ್ಲಾಸ್ಟಿಕ್ ಚೀಲದ ಕೊಳವೆ ಕಟ್ಟಿ, ನೀರು ನೇರ ಬಕೆಟ್‌ಗೆ ಬೀಳುವಂತೆ ಮಾಡಿ 20 ನಿಮಿಷ ಬಿಟ್ಟೆವು. ಪೈಪ್ ತುಂಬಿ ಹರಿಯಿತು, ಗೋಡೆ ಮಾತ್ರ ಒಣಗಿಯೇ ಇತ್ತು. ಎರಡು ದಿನ ಕಾದರೂ ಕಲೆ ಬೆಳೆಯಲಿಲ್ಲ.

ಉಳಿದದ್ದು ಗೋಡೆಯ ಮೇಲ್ಮೈ. ಮಿಕ್ಸರ್ ಸುತ್ತ 20 ನಿಮಿಷ ನೀರು ಚಿಮುಕಿಸಿದೆವು. ಮರುದಿನ ಬೆಳಿಗ್ಗೆ ಕಲೆ ಗೆರೆಗಿಂತ ಒಂದು ಬೆರಳು ಆಚೆ ಇತ್ತು!

ಮಿಕ್ಸರ್‌ನ ಸ್ಟೀಲ್ ಮುಚ್ಚಳ ಬಿಚ್ಚಿದಾಗ ಕಾರಣ ಕಂಡಿತು. ಟೈಲ್‌ನಲ್ಲಿ ಪೈಪ್‌ಗಾಗಿ ಕೊರೆದ ತೂತು ಪೈಪ್‌ಗಿಂತ ಬಹಳ ದೊಡ್ಡದು, ಸುತ್ತ ಏನೂ ತುಂಬಿಲ್ಲ. ಮುಚ್ಚಳ ತೂತನ್ನು ಮರೆಮಾಡಿತ್ತು ಅಷ್ಟೇ. ಪ್ರತಿ ಸ್ನಾನದಲ್ಲೂ ನೀರು ಅದರ ಹಿಂದೆ ಇಳಿದು ಪ್ಲಾಸ್ಟರ್ ಸೇರುತ್ತಿತ್ತು.

ತೂತು ಕೊರೆದವರು ಟೈಲ್ಸ್‌ನವರು, ಮುಚ್ಚಳ ಹಾಕಿದವರು ಪ್ಲಂಬರ್. ಸೂಪರ್‌ವೈಸರ್ ಪ್ಲಂಬರ್ ಹೆಸರನ್ನೇ ಬರೆಸಿದರು, ಮುಚ್ಚುವ ಮೊದಲು ಒಳಗೆ ನೋಡಬೇಕಿದ್ದವರು ಅವರೇ ಅಲ್ವಾ. ಜಾಗ ಪೂರ್ತಿ ಒಣಗಿದ ಮೇಲೆ ಪೈಪ್ ಸುತ್ತ ಸಿಲಿಕೋನ್ ತುಂಬಿದರು. ಮುಚ್ಚಳದ ಮೇಲೆ ಮತ್ತು ಎರಡೂ ಪಕ್ಕ ಸಿಲಿಕೋನ್ ಎಳೆದು, ಕೆಳಗೆ ಮಾತ್ರ ಸಣ್ಣ ಸಂದು ಬಿಟ್ಟರು. ಎಲ್ಲಿಂದಾದರೂ ನೀರು ಒಳಗೆ ಹೋದರೆ ಅಲ್ಲಿಂದ ಹೊರಗೆ ಬರಬೇಕು, ಗೋಡೆಗಲ್ಲ. ಒಂದು ದಿನ ಬಿಟ್ಟು ಅದೇ 20 ನಿಮಿಷದ ಚಿಮುಕಿಸುವ ಪರೀಕ್ಷೆ ಮತ್ತೆ ಮಾಡಿದೆವು. ಎರಡು ದಿನವಾದರೂ ಕಲೆ ಇನ್ನಷ್ಟು ಬೆಳೆಯಲಿಲ್ಲ.

ಈಗ "ಮುಗಿದಿದೆ" ಎನ್ನುವ ಪದವನ್ನೇ ಪಟ್ಟಿಯಿಂದ ತೆಗೆದಿದ್ದೇನೆ. ಅದರ ಜಾಗದಲ್ಲಿ ಎರಡಿವೆ: "ಕೆಲಸ ಆಗಿದೆ", ಇದನ್ನು ಮಾಡಿದವರು ಹೇಳುತ್ತಾರೆ. "ಪರೀಕ್ಷೆ ಆಗಿದೆ", ಇದನ್ನು ನಾವು ಬರೆಯುತ್ತೇವೆ, ಹೇಗೆ ನೋಡಿದೆವು ಎಂಬುದರ ಜೊತೆಗೆ. ಹೀಗೆ ನೋಡಿದರೆ ಆ 29ರಲ್ಲಿ ನಾಲ್ಕನ್ನು ಮತ್ತೆ ತೆರೆಯಬೇಕಾಗುತ್ತದೆ. ಅವನ್ನು ನಾನು ಕಣ್ಣಾರೆ ನೋಡಿಯೇ ಇಲ್ಲ.

17ನೇ ಸಾಲು ಇವತ್ತು ಎರಡಾಗಿದೆ.

17ಎ: ಬಾತ್‌ರೂಮ್, ಮಿಕ್ಸರ್ ಸುತ್ತ ಸಂದು. ಹೊಣೆ: ಪ್ಲಂಬರ್. ಸ್ಥಿತಿ: ಪರೀಕ್ಷೆ ಆಗಿದೆ, ನೀರು ಚಿಮುಕಿಸಿ.

17ಬಿ: ಮಲಗುವ ಕೋಣೆ, ಗೋಡೆಯ ಪೇಂಟ್. ಹೊಣೆ: ಪೇಂಟರ್. ಸ್ಥಿತಿ: ಗೋಡೆ ಒಣಗುತ್ತಿದೆ. ತೇವದ ಮೀಟರ್ ಪಕ್ಕದ ಒಣ ಗೋಡೆಯಷ್ಟೇ ತೋರಿಸುವ ತನಕ ಬಳಿಯುವಂತಿಲ್ಲ. ಮುಂದಿನ ಅಳತೆ ಭಾನುವಾರ.