ಸೂಯ್ರ, ಪವ್ರತ, ಶತ್ಕಿ

ತೀರ್ಥಹಳ್ಳಿ ಕಡೆಯ ನಮ್ಮ ಶಾಲೆಯ ಐದನೇ ತರಗತಿಗೆ ತಗಡಿನ ಮಾಡು. ಆಷಾಢದಲ್ಲಿ ಉಕ್ತಲೇಖನ ಕೊಡುವುದೆಂದರೆ ಮಳೆಗಿಂತ ಗಟ್ಟಿಯಾಗಿ ಕೂಗುವ ಕೆಲಸ. ಅಂಥದೇ ಒಂದು ಮಧ್ಯಾಹ್ನ ಬರೆಸಿದ ಹಾಳೆಗಳನ್ನು ತಿದ್ದುತ್ತಿದ್ದಾಗ ಒಬ್ಬ ಹುಡುಗಿಯ ಹಾಳೆ ಕೈ ಕಟ್ಟಿ ನಿಲ್ಲಿಸಿತು. ಸೂರ್ಯ ‘ಸೂಯ್ರ’ ಆಗಿತ್ತು, ಪರ್ವತ ‘ಪವ್ರತ’, ಶಕ್ತಿ ‘ಶತ್ಕಿ’, ತೀರ್ಥಹಳ್ಳಿ ‘ತೀಥ್ರಹಳ್ಳಿ’. ಚಕ್ರ, ಪುಸ್ತಕ, ಹಣ್ಣು ಮಾತ್ರ ಮುತ್ತಿನಂತೆ ಸರಿಯಾಗಿದ್ದವು.

ಮಳೆಯ ಸದ್ದಿಗೆ ಸರಿಯಾಗಿ ಕೇಳಿಸಿರಲಿಕ್ಕಿಲ್ಲ ಎಂದುಕೊಂಡು ಅವಳನ್ನು ಹತ್ತಿರ ಕರೆದೆ. “ನೀನು ಬರೆದದ್ದನ್ನೇ ಓದು ಪುಟ್ಟಿ” ಎಂದೆ. ‘ಸೂಯ್ರ’ದ ಮೇಲೆ ಬೆರಳಿಟ್ಟು “ಸೂರ್ಯ” ಎಂದು ಓದಿದಳು. “ಪರ್ವತ, ಶಕ್ತಿ” ಎಂದೂ ಸ್ವಚ್ಛವಾಗಿ ಓದಿದಳು. ಅಲ್ಲಿಗೆ ಕಿವಿಯೂ ಸರಿ, ನಾಲಗೆಯೂ ಸರಿ. ಎಡವುತ್ತಿದ್ದದ್ದು ಕೇಳಿದ್ದನ್ನು ಕಾಗದದ ಮೇಲೆ ಎಲ್ಲಿಡಬೇಕು ಎನ್ನುವಲ್ಲಿ. ಇಂಥ ಹಾಳೆಗೆ ಕೆಂಪು ಗೀಟು ಹಾಕಿ ಹತ್ತು ಸಲ ಬರೆದುಕೊಂಡು ಬಾ ಎನ್ನುವುದು ನನಗೆ ಅನ್ಯಾಯವೆಂದೇ ತೋರುತ್ತದೆ. ಹತ್ತು ಸಲ ಬರೆದರೆ ಆ ಒಂದು ಪದ ಕೈಗೆ ಹತ್ತಬಹುದು, ಮುಂದಿನ ಪದದಲ್ಲಿ ಅದೇ ತಪ್ಪು ಮತ್ತೆ ಹಾಜರಾಗುತ್ತದೆ.

‘ಶತ್ಕಿ’ಯನ್ನೇ ನೋಡಿ. ಮಗುವಿಗೆ ಕೊನೆಯಲ್ಲಿ ಕೇಳಿಸುವುದು ‘ತಿ’. ಹಾಗಾಗಿ ಅವಳು ತ ಅಕ್ಷರಕ್ಕೆ ಗುಡಿಸು ಕೊಟ್ಟು ‘ತಿ’ ಬರೆದುಬಿಟ್ಟಿದ್ದಾಳೆ. ಉಳಿದ ಕ್ ಎಲ್ಲಿ ಹೋಗಬೇಕು? ಕೆಳಗೆ ಒತ್ತಾಗಿ ಸೇರಿದೆ. ನಮ್ಮ ಲಿಪಿಯಲ್ಲಿ ಗುಡಿಸು ಬೀಳುವುದು ಮೇಲಿನ ಕ ಅಕ್ಷರಕ್ಕೆ, ಇಕಾರ ಕೇಳಿಸುವುದು ಮಾತ್ರ ಕೆಳಗಿನ ತ ಒತ್ತಿನ ಆಮೇಲೆ. ‘ಪುಸ್ತಕ’ದ ಸ್ತ ಸರಿಯಾಗಿದ್ದದ್ದೂ ಇದರಿಂದಲೇ: ಅಲ್ಲಿರುವುದು ಬರೀ ಅಕಾರ, ಎಳೆದಾಡುವ ಗುಡಿಸಾಗಲಿ ಕೊಂಬಾಗಲಿ ಇಲ್ಲ. ಇನ್ನು ‘ಹಣ್ಣು’, ‘ಹಳ್ಳಿ’ ಸರಿಯಿದ್ದವು ಎಂದು ನಂಬಿ ಕೂರುವಂತಿಲ್ಲ. ಸಜಾತೀಯ ಒತ್ತಕ್ಷರದಲ್ಲಿ ಮೇಲಿನದೂ ಕೆಳಗಿನದೂ ಒಂದೇ ಆದ್ದರಿಂದ ಅದಲುಬದಲಾದರೂ ಕಣ್ಣಿಗೆ ಬೀಳುವುದಿಲ್ಲ. ತಪ್ಪು ಹೊರಬೀಳಬೇಕಾದರೆ ಕ್ತಿ, ಸ್ತೆ, ತ್ಯೆ ಇರುವ ಪದಗಳನ್ನೇ ಬರೆಸಬೇಕು.

ಅವಳ ಹಾಳೆಯ ಅಂಚಿನಲ್ಲಿ ಶ್, ಅ, ಕ್, ತ್, ಇ ಎಂದು ಬಿಡಿಸಿ ಬರೆದೆ. “ಕ್, ತ್ ಇವುಗಳಲ್ಲಿ ಮೊದಲು ಯಾವುದು ಕೇಳಿಸಿತು?” ಎಂದೆ. “ಕ್, ಟೀಚರ್.” “ಹಾಗಾದರೆ ಅದು ಮೇಲೆ. ಆಮೇಲೆ ಕೇಳಿಸಿದ್ದು ಕೆಳಗೆ. ಗುಡಿಸು ಯಾವಾಗಲೂ ಮೇಲಿನದಕ್ಕೆ.” ಅವಳು ‘ಕಿ’ ಬರೆದು ಕೆಳಗೆ ತ ಒತ್ತು ಕೊಟ್ಟಳು. ‘ಭಕ್ತಿ’ ಎಂದೆ, ತಡವರಿಸದೆ ಬರೆದಳು.

ಕಷ್ಟವಿದ್ದದ್ದು ಅರ್ಕಾವತ್ತಿನಲ್ಲಿ. ಈಗಷ್ಟೇ ಹೇಳಿಕೊಟ್ಟ ಕ್ರಮ ಇಲ್ಲಿ ನಡೆಯುವುದಿಲ್ಲ. ರ್ ಮೊದಲು ಕೇಳಿಸುತ್ತದೆ, ಆದರೆ ಯ ಬರೆದ ಮೇಲೆ ಅದರ ಬಲಕ್ಕೆ ಹೋಗಿ ಕೂರುತ್ತದೆ. ಬರೆಯುವಾಗ ಕೊನೆಗೆ ಬರುವ ಗುರುತನ್ನು ಮಗು ಕೊನೆಗೇ ಉಚ್ಚರಿಸುವ ರ ಎಂದು ಭಾವಿಸಿ, ತನಗೆ ಚೆನ್ನಾಗಿ ಗೊತ್ತಿರುವ ರ ಒತ್ತನ್ನು ಅಲ್ಲಿಗೆ ಹಚ್ಚುತ್ತದೆ. ‘ಸೂಯ್ರ’ ಹುಟ್ಟುವುದು ಹೀಗೆ. ನಾನು ‘ಚಕ್ರ’ ಮತ್ತು ‘ತರ್ಕ’ ಎರಡನ್ನೂ ಪಕ್ಕಪಕ್ಕ ಬರೆದು, ಎರಡರಲ್ಲೂ ಇರುವ ಕ ಅಕ್ಷರಕ್ಕೆ ಸುತ್ತು ಹಾಕಿದೆ. ಚಕ್ರದಲ್ಲಿ ರ ಒತ್ತು ಕ ಅಕ್ಷರದ ಬುಡದಲ್ಲಿ ಸುತ್ತಿಕೊಂಡಿದೆ, ತರ್ಕದಲ್ಲಿ ಅರ್ಕಾವತ್ತು ಸಾಲಿನ ಮಟ್ಟದಲ್ಲೇ ಪಕ್ಕಕ್ಕೆ ನಿಂತಿದೆ. ಎರಡನ್ನೂ ಬಾಯಿಬಿಟ್ಟು ಓದಿಸಿದೆ. ಮೂರನೆಯ ಸಲಕ್ಕೆ ಅವಳೇ “ಇದು ಹಿಂದೆ ಇದ್ದರೂ ಮುಂದೆ ಓದಬೇಕು” ಎಂದಳು. ಅದಕ್ಕಿಂತ ಚೆನ್ನಾಗಿ ನಾನೂ ಹೇಳಲಾರೆ.

ಅದೇ ರಾಶಿಯಲ್ಲಿ ಇನ್ನೊಬ್ಬ ಹುಡುಗ ರ ಬರೆದು ಅದರ ಕೆಳಗೆ ಯ ಒತ್ತು ಕೊಟ್ಟು ಸೂರ್ಯ ಬರೆದಿದ್ದ. ಅದಕ್ಕೆ ನಾನು ಗೀಟು ಹಾಕಲಿಲ್ಲ. ಅಚ್ಚಿನಲ್ಲೂ ಆ ರೂಪ ಕಾಣಸಿಗುತ್ತದೆ, ಧ್ವನಿಯ ಕ್ರಮವೂ ಅದರಲ್ಲಿ ಸರಿಯಾಗಿದೆ. ಅರ್ಕಾವತ್ತಿನ ರೂಪವನ್ನು ಪಕ್ಕದಲ್ಲಿ ಬರೆದು ತೋರಿಸಿದೆ, ಅಷ್ಟೇ.

‘ಕ್ರುಷಿ’, ‘ಚಿನ್ಹೆ’ ಎಂದು ಬರೆದವರು ಹಲವರಿದ್ದರು. ಅವನ್ನು ಬೇರೆಯಾಗಿ ತೆಗೆದಿರಿಸಿದೆ. ವಟ್ರಸುಳಿಯ ಕೃ ಮತ್ತು ಕೊಂಬಿನ ಕ್ರು ನಮ್ಮ ಬಾಯಲ್ಲಿ ಒಂದೇ ಆಗಿವೆ, ಚಿಹ್ನೆಯನ್ನು ಎಲ್ಲರೂ ಚಿನ್ಹೆ ಎಂದೇ ಅನ್ನುತ್ತೇವೆ. ಮಕ್ಕಳು ಕೇಳಿದ್ದನ್ನು ನಿಯತ್ತಾಗಿ ಬರೆದಿದ್ದಾರೆ. ಇಲ್ಲಿ ಧ್ವನಿ ಬಿಡಿಸಿ ಪ್ರಯೋಜನವಿಲ್ಲ, ಕೃಷಿ, ಕೃಪೆ, ಶೃಂಗೇರಿ ಎಂದು ಪದಗಳನ್ನು ಕಣ್ಣಿನಿಂದಲೇ ಕಲಿಸಬೇಕು.

ಮುಂದಿನ ಉಕ್ತಲೇಖನಕ್ಕೆ ಹಳೆಯ ಪದ ಒಂದನ್ನೂ ಇಡಲಿಲ್ಲ. ಗುಡಿಸೂ ಅರ್ಕಾವತ್ತೂ ಒಟ್ಟಿಗೆ ಬರುವ ‘ಕೀರ್ತಿ’ಯನ್ನು ಹುಡುಗಿ ಸರಿಯಾಗಿ ಬರೆದಳು, ‘ವಾರ್ತೆ’ಯನ್ನೂ ಬರೆದಳು. ‘ಸಾಮರ್ಥ್ಯ’ದಲ್ಲಿ ಥ ಬರೆದು ಯ ಒತ್ತು ಕೊಟ್ಟು ಅರ್ಕಾವತ್ತನ್ನು ಬಿಟ್ಟಿದ್ದಳು. ಒತ್ತೂ ಅರ್ಕಾವತ್ತೂ ಕೂಡಿ ಬರುವ ಪದಗಳನ್ನು ಇನ್ನೂ ಕಲಿಸಿರಲಿಲ್ಲ. ಮರ್ತ್ಯ, ಪಾರ್ಶ್ವ, ಈರ್ಷ್ಯೆ ಎಂದು ಪಟ್ಟಿ ಮಾಡಿಟ್ಟುಕೊಂಡಿದ್ದೇನೆ.