ಮಾವನ ರೈಸ್ ಮಿಲ್ಲು ಮತ್ತು ನಾನು ಎಳೆದ ಗೆರೆ

"ಸಾರ್, ಕಾಂಪಿಟೇಷನ್ನೇ ಇಲ್ದೇ ಇರೋ ಬಿಸಿನೆಸ್ ಯಾವುದಾದ್ರೂ ಇದ್ರೆ ಹೇಳಿ. ನೀವು ಅದೇನೋ ಗೆರೆ ಎಳೆದು ಕಂಡುಹಿಡೀತೀರಂತೆ?"

ಇದೆ. ಮಂಡ್ಯದಿಂದ ಮದ್ದೂರಿಗೆ ಎತ್ತಿನಗಾಡಿ ಸರ್ವಿಸ್. ಒಬ್ಬನೂ ಪೈಪೋಟಿಗೆ ಬರಲ್ಲ. ಗಿರಾಕಿಯೂ ಬರಲ್ಲ.

ಮೈಸೂರಿನಲ್ಲಿ ಸಣ್ಣ ಅಂಗಡಿ, ಹೋಟೆಲ್‌ಗಳ ಲೆಕ್ಕ ನೋಡುವುದು ನನ್ನ ಕೆಲಸ. ನಾನು ಜ್ಯೋತಿಷಿ ಅಲ್ಲ. ಆದರೂ ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ಒಮ್ಮೆ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದಾಗಲೂ ಇದನ್ನೇ ಕೇಳಿದ್ದಾರೆ. ಕೇಳುವವರಿಗೆಲ್ಲ ಬೇಕಾಗಿರುವುದು ಒಂದು ಹೆಸರು. "ಅಣಬೆ", "ಜಿಮ್", "ಎಮ್ಮೆ" ಅಂತ ಏನಾದರೂ ಅಂದುಬಿಟ್ಟರೆ ಖುಷಿಯಾಗಿ ಹೋಗುತ್ತಾರೆ. ನಾನು ಎಳೆಯುವ ಗೆರೆ ಹೆಸರು ಹೇಳುವುದಿಲ್ಲ. ಅದು ಬೇರೇನನ್ನೋ ಹೇಳುತ್ತದೆ. ಅದನ್ನು ನನ್ನ ಸೋದರಮಾವನ ಕಥೆಯಲ್ಲೇ ಹೇಳಿಬಿಡುತ್ತೇನೆ. ಇನ್ನು ಮುಂದೆ ಕೇಳಿದವರಿಗೆ ಈ ಬರಹ ಕಳಿಸಿ ಸುಮ್ನೆ ಇರಬಹುದು.

ಮಾವನದು ಮಂಡ್ಯದ ಹತ್ತಿರ ಒಂದು ಹಳೇ ರೈಸ್ ಮಿಲ್. ನಿಂತು ಬಹಳ ವರ್ಷವಾಗಿತ್ತು. ಅದನ್ನು ಚೌಟ್ರಿ ಮಾಡಬೇಕು ಅಂತ ಅವರ ಆಸೆ. ಕಂಟ್ರಾಕ್ಟರ್ 90 ಲಕ್ಷದ ಅಂದಾಜು ಕೊಟ್ಟಿದ್ದ. ಸಾಲಕ್ಕೆ ಕಾಗದಪತ್ರ ಮಾಡಿಕೊಡು ಅಂತ ನನ್ನನ್ನು ಕರೆದರು. ಸಹಿ ಹಾಕುವ ಮೊದಲು ಒಂದು ಚಿತ್ರ ಬರೆಯೋಣ ಮಾವ ಅಂದೆ.

ಆ ಚಿತ್ರದ ಹೆಸರು ಸ್ಟ್ರಾಟೆಜಿ ಕ್ಯಾನ್ವಾಸ್. ನಾನು ಕಂಡುಹಿಡಿದದ್ದಲ್ಲ. ಇನ್‌ಸೀಡ್ ಎಂಬ ಬಿಸಿನೆಸ್ ಶಾಲೆಯ ಚಾನ್ ಕಿಮ್ ಮತ್ತು ರೆನೆ ಮೊಬೋರ್ನ್ ಕೊಟ್ಟದ್ದು. 2005ರಲ್ಲಿ ಬಂದ ಅವರ ಪುಸ್ತಕದಿಂದ ಊರೂರಿಗೆ ಗೊತ್ತಾಯಿತು. ಬರೆಯುವುದು ಸುಲಭ. ಕೆಳಗೆ ಅಡ್ಡಗೆರೆಯ ಮೇಲೆ, ಈ ವ್ಯಾಪಾರದವರು ಯಾವ ಯಾವ ವಿಷಯಕ್ಕೆ ಬಡಿದಾಡುತ್ತಾರೋ ಅವನ್ನೆಲ್ಲ ಸಾಲಾಗಿ ಬರೆಯಬೇಕು. ಪಕ್ಕದ ನಿಂತ ಗೆರೆಯಲ್ಲಿ ಒಂದರಿಂದ ಐದರವರೆಗೆ ಅಂಕ. ಗಿರಾಕಿಗೆ ಎಷ್ಟು ಸಿಗುತ್ತದೆ ಅನ್ನುವುದೇ ಅಂಕ. ಬಾಡಿಗೆಗೂ ಒಂದು ಜಾಗ ಇರುತ್ತದೆ, ಬಾಡಿಗೆ ಜಾಸ್ತಿ ಇದ್ದರೆ ಅಂಕವೂ ಜಾಸ್ತಿ. ಆಮೇಲೆ ಒಬ್ಬೊಬ್ಬರ ಚುಕ್ಕಿಗಳನ್ನು ಸೇರಿಸಿ ಗೆರೆ ಎಳೆದರೆ ಅವರ ವ್ಯಾಲ್ಯೂ ಕರ್ವ್.

ಮಾವ ಸಾಲಾಗಿ ಹೇಳಿದರು: ಬಾಡಿಗೆ, ಎಸಿ, ಸ್ಟೇಜು, ಹೆಣ್ಣು-ಗಂಡಿನ ಕಡೆಯವರ ರೂಮು, ಪಾರ್ಕಿಂಗು, 62 ಕೆವಿಎ ಜನರೇಟರ್. ಇಲ್ಲೇ ಮೊದಲ ಜಗಳ. ಊಟಕ್ಕೆ ಕೂತವನಿಗೆ ಕೆವಿಎ ಕಟ್ಟಿಕೊಂಡು ಏನಾಗಬೇಕು? "ಕರೆಂಟ್ ಹೋದರೂ ಪಂಕ್ತಿ ನಿಲ್ಲಲ್ಲ" ಅಂತ ಬರೆಯಿರಿ ಅಂದೆ. ಸಾಲಿನ ಮಾತು ಮಾರುವವನದಾಗಿದ್ದರೆ ಚಿತ್ರ ಅಲ್ಲಿಗೇ ಕೆಟ್ಟಿತು ಅಂತಲೇ ಲೆಕ್ಕ. ಎರಡನೇ ಜಗಳ ಅಂಕ ಹಾಕುವಾಗ. ಇನ್ನೂ ಕಟ್ಟದ ತಮ್ಮ ಚೌಟ್ರಿಗೆ ಮಾವ ಎಲ್ಲದಕ್ಕೂ ಐದಕ್ಕೆ ಐದು ಹಾಕಿಕೊಂಡರು, ಬಾಡಿಗೆಗೆ ಮಾತ್ರ ಎರಡು. "ಎಲ್ಲಾದ್ರಲ್ಲೂ ಚೆನ್ನಾಗ್ ಮಾಡಿ ಕಮ್ಮಿಗೆ ಕೊಡ್ತೀನಿ ಕನ್ಲಾ" ಅಂದರು. ಈ ಗೆರೆ ಎಳೆದವರನ್ನು ನಾನು ಜಾಸ್ತಿ ಬ್ಯಾಂಕಿನ ಸಾಲ ವಸೂಲಿ ವಿಭಾಗದ ಬಾಗಿಲಲ್ಲೇ ನೋಡಿದ್ದೇನೆ.

ಕೊನೆಗೆ ಹೊರಗಿನವರಿಂದ ಅಂಕ ಹಾಕಿಸಿದೆವು. ಎರಡು ವರ್ಷದೊಳಗೆ ಯಾವುದಾದರೂ ಕಾರ್ಯ ಮಾಡಿದ 18 ಮನೆಗೆ ಹೋದೆವು. ಹೈವೇ ಬದಿಯ ದೊಡ್ಡ ಕನ್ವೆನ್ಷನ್ ಹಾಲ್‌ಗಳಿಗೆ ಒಂದು ಗೆರೆ ಬಂತು. ಊರೊಳಗಿನ ಹಳೇ ಸಮುದಾಯ ಭವನಗಳಿಗೆ ಇನ್ನೊಂದು. ಮೊದಲನೆಯದು ಮೇಲೆ, ಎರಡನೆಯದು ಕೆಳಗೆ. ಆದರೆ ಏರಿಳಿತ ಮಾತ್ರ ಒಂದೇ, ರೈಲಿನ ಎರಡು ಕಂಬಿಯ ಹಾಗೆ. ಹೀಗೆ ಕಂಡರೆ ಇಬ್ಬರೂ ಒಂದೇ ಆಟ ಆಡುತ್ತಿದ್ದಾರೆ, ಒಬ್ಬ ದುಬಾರಿಯಾಗಿ, ಒಬ್ಬ ಅಗ್ಗವಾಗಿ. ಮಾವನ 90 ಲಕ್ಷ ಈ ಎರಡು ಕಂಬಿಯ ಮಧ್ಯೆ ಮೂರನೇ ಕಂಬಿ ಆಗುತ್ತಿತ್ತು.

ನಿಜವಾದ ವಿಷಯ ಸಿಕ್ಕಿದ್ದು ಚೌಟ್ರಿಗೇ ಹೋಗದವರಲ್ಲಿ. 18 ಮನೆಯಲ್ಲಿ ಏಳು ಮನೆಯವರು ಕಾರ್ಯವನ್ನು ಮನೆ ಮುಂದೆ ಶಾಮಿಯಾನ ಹಾಕಿ ಮಾಡಿದ್ದರು. ಏಳರಲ್ಲಿ ಐದು ತಿಥಿ.

ನಮ್ಮ ಕಡೆ ಹನ್ನೊಂದನೇ ದಿನದ ತಿಥಿ ಅಂದರೆ ಗೊತ್ತಲ್ಲ. ಬಾಡೂಟ, 300-400 ಜನ. ಒಬ್ಬ ಅಜ್ಜಿ ಹೇಳಿದ್ದು ಇನ್ನೂ ನೆನಪಿದೆ: "ನಮ್ ಯಜಮಾನ್ರು ಹೋದ ದುಃಖಕ್ಕಿಂತ ಅವತ್ತಿನ ಹಂಡೆ ತಿಕ್ಕಿದ್ದೇ ಜಾಸ್ತಿ ಆಯ್ತು ಕನಪ್ಪ." ಮಳೆ ಬಂದು ಶಾಮಿಯಾನ ಜೋತುಬಿದ್ದದ್ದು, ರಸ್ತೆ ಕಟ್ಟಿದ್ದಕ್ಕೆ ಪಕ್ಕದ ಮನೆಯವರು ಮುಖ ಊದಿಸಿಕೊಂಡದ್ದು, ನೀರಿನ ಟ್ಯಾಂಕರ್ ಬರದೇ ಹೋದದ್ದು, ಎಲ್ಲ ಹೇಳಿದರು. ಚೌಟ್ರಿಗೆ ಯಾಕೆ ಹೋಗಲಿಲ್ಲ ಅಂದರೆ ನಗುತ್ತಿದ್ದರು. ಮದುವೆ ಆಗುವ ಜಾಗ, ತಿಥಿಗೆ ಯಾರು ಕೊಡುತ್ತಾರೆ? ಬಾಡು ಬೇಯಿಸಲು ಎಷ್ಟೋ ಕಡೆ ಬಿಡುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಚೌಟ್ರಿಯನ್ನು ಆರು ತಿಂಗಳ ಮೊದಲು ಬುಕ್ ಮಾಡಬೇಕು. ಸಾಯುವವರು ಆರು ತಿಂಗಳ ಮೊದಲು ಹೇಳಿ ಸಾಯುವುದಿಲ್ಲ.

ಅಡ್ಡಗೆರೆಯ ಬಲಗಡೆ ಮೂರು ಹೊಸ ವಿಷಯ ಸೇರಿಸಿದೆವು: ವಾರದ ಮುಂಚೆ ಕೇಳಿದರೆ ಸಿಗುತ್ತದಾ, ಬಾಡು ಬೇಯಿಸಬಹುದಾ, ಪಾತ್ರೆ ತಿಕ್ಕುವ ಕೆಲಸ ಮನೆಯವರಿಗೆ ತಪ್ಪುತ್ತದಾ. ಅಲ್ಲಿಗೆ ಬಂದಾಗ ಎರಡು ಕಂಬಿಯೂ ನೆಲಕ್ಕೆ ಬಿದ್ದವು. ಪೈಪೋಟಿ ಇಲ್ಲದ ಜಾಗ ಅಂದರೆ ಇದೇ.

ಕೂಡಲೇ ಕುಣಿಯಬಾರದು. ಖಾಲಿ ಜಾಗ ಖಾಲಿ ಇರುವುದಕ್ಕೂ ಕಾರಣ ಇರುತ್ತದೆ. ಅಲ್ಲಿ ಗಿರಾಕಿ ಇದ್ದಾನೋ ಇಲ್ಲವೋ ಚಿತ್ರ ಹೇಳುವುದಿಲ್ಲ. ಅದಕ್ಕೆ ಶಾಮಿಯಾನದವರ ಹತ್ತಿರ ಹೋಗಿ ಅವರ ಒಂದು ವರ್ಷದ ಬುಕಿಂಗ್ ಪುಸ್ತಕ ತೆಗೆಸಿ ನೋಡಿದೆ. ಒಬ್ಬರ ಪುಸ್ತಕದಲ್ಲೇ ತಿಂಗಳಿಗೆ ನಾಲ್ಕೈದು ತಿಥಿ ಇತ್ತು. ಆಷಾಢದಲ್ಲಿ ಮದುವೆಯ ಪುಟ ಬಿಳಿ, ತಿಥಿಯ ಪುಟ ಎಂದಿನಂತೆ. ಚೌಟ್ರಿ ಮುಹೂರ್ತಕ್ಕೆ ಕಾಯಬೇಕು. ಇದಕ್ಕೆ ಆ ಕಷ್ಟ ಇಲ್ಲ.

ಇಷ್ಟೆಲ್ಲ ಕೇಳಿದ ಮೇಲೆ ಅತ್ತೆ ಒಳಗಿನಿಂದ ಬಂದು, "ತಿಥಿ ಮನೆ ಮಾಡುದ್ರೆ ನನ್ ಮಗಳ್ಗೆ ಗಂಡು ಯಾರ್ ತಂದಾರು?" ಅಂದರು. ಸಭೆ ಮುಗಿಯಿತು.

ನನಗೆ ಯಾರೂ ಕೇಳದ ಒಂದು ಪ್ರಶ್ನೆ ಇದೆ. ಕೇಳಿದರೆ ಕಾಫಿ ಕೊಡಿಸಿ ಉತ್ತರ ಹೇಳುತ್ತೇನೆ. "ಸಾರ್, ನಾನು ಏನನ್ನು ಬಿಡಲಿ?" ಈ ಚಿತ್ರದ ಜೀವ ಇರುವುದೇ ಅಲ್ಲಿ. ಹೊಸದನ್ನು ಸೇರಿಸುವುದು ಯಾರಿಗೂ ಬರುತ್ತದೆ. ಬರೀ ಸೇರಿಸುತ್ತಾ ಹೋದರೆ ಖರ್ಚು ಏರುತ್ತದೆ, ಬಾಡಿಗೆ ಏರುತ್ತದೆ, ಮತ್ತೆ ಕಂಬಿಯ ಮೇಲೇ ಬಂದು ನಿಲ್ಲುತ್ತೀರಿ. ಕಿಮ್ ಮತ್ತು ಮೊಬೋರ್ನ್ ನಾಲ್ಕು ಕೆಲಸ ಹೇಳುತ್ತಾರೆ: ಕಿತ್ತುಹಾಕು, ತಗ್ಗಿಸು, ಏರಿಸು, ಹೊಸದಾಗಿ ಹುಟ್ಟಿಸು. ಮೊದಲೆರಡರಿಂದ ಉಳಿದ ದುಡ್ಡು ಕೊನೆಯ ಎರಡಕ್ಕೆ. ಫ್ರಾನ್ಸಿನಲ್ಲಿ 1985ರಲ್ಲಿ ಅಕೋರ್ ಕಂಪನಿ ಶುರು ಮಾಡಿದ ಫಾರ್ಮುಲ್ 1 ಹೋಟೆಲುಗಳು ಅವರದೇ ಉದಾಹರಣೆ. ಆಗ ಅಲ್ಲಿ ಊಟದ ಹಾಲ್ ಇರಲಿಲ್ಲ, ಲಾಂಜ್ ಇರಲಿಲ್ಲ, ರಿಸೆಪ್ಷನ್‌ನಲ್ಲಿ ಜನ ಬರುವ-ಹೋಗುವ ಹೊತ್ತಿಗಷ್ಟೇ ಆಳು. ಹಾಸಿಗೆ, ಶುಚಿ, ಸದ್ದಿಲ್ಲದ ರಾತ್ರಿ ಮಾತ್ರ ಚೆನ್ನಾಗಿ. ಅಗ್ಗದ ಹೋಟೆಲಿಗೆ ಬರುವವನಿಗೆ ಬೇಕಾದದ್ದು ನಿದ್ದೆ, ಅಲ್ವಾ?

ಮಾವನಿಂದ ಒಂದೊಂದನ್ನೂ ಬಿಡಿಸುವುದು ಹಲ್ಲು ಕೀಳಿಸಿದ ಹಾಗೆ ಆಯಿತು. ಎಸಿ ಹೋಯಿತು, ಮಿಲ್ಲಿನ ಎತ್ತರದ ಚಾವಣಿಗೆ ಫ್ಯಾನ್ ಸಾಕು. ರೂಮುಗಳು ಹೋದವು. ಸ್ಟೇಜಿಗೆ ಮೂರು ದಿನ ಹಠ ಹಿಡಿದರು. "ಸ್ಟೇಜ್ ಇಲ್ದೇ ಹೆಂಗ್ಲಾ?" ಫೋಟೋ ಇಟ್ಟು ಹೂ ಹಾಕಲು ಒಂದು ಕಟ್ಟೆ ಸಾಕು ಮಾವ, ಅಂದೆ. ಬಣ್ಣ, ಲೈಟು ತಗ್ಗಿಸಿದೆವು. ಅಡುಗೆಮನೆ, ನೀರು, ಊಟದ ಬೆಂಚು ಏರಿಸಿದೆವು. ಬಾಡು ಬೇಯಿಸಲು ಹಿಂದೆ ಬೇರೆ ಶೆಡ್, ಪಾತ್ರೆ ತೊಳೆಯಲು ಆಳು, ಅರ್ಧ ದಿನದ ಬಾಡಿಗೆ, ನಾಲ್ಕು ದಿನ ಮುಂಚೆ ಹೇಳಿದರೂ ಜಾಗ. ಒಟ್ಟು 24 ಲಕ್ಷದಲ್ಲಿ ಮುಗಿಯಿತು. ಒಂದೇ ಸಾಲಿನಲ್ಲಿ ಹೇಳಲು ಬರುತ್ತದಾ ಅನ್ನುವುದು ಗೆರೆಗೆ ಕೊನೆಯ ಪರೀಕ್ಷೆ. ನಮ್ಮದು ಹೀಗಿತ್ತು: "ತಿಥಿ ಊಟಕ್ಕೆ ಮನೆಯವರು ಪಾತ್ರೆ ತಿಕ್ಕಬೇಕಾಗಿಲ್ಲ."

ಅತ್ತೆಗೆ ಹೆದರಿ ಮಾವ ಬೋರ್ಡಿನಲ್ಲಿ ಬರೀ "ಊಟದ ಮನೆ" ಅಂತ ಬರೆಸಿದರು. ಮೂರನೇ ತಿಂಗಳಲ್ಲಿ ನನಗೆ ಹೇಳದೆ ಒಂದು ನಾಮಕರಣಕ್ಕೂ ಕೊಟ್ಟರು. ಹಿಂದಿನ ದಿನ ಅಲ್ಲಿ ತಿಥಿ ನಡೆದದ್ದು ಊಟದ ಮಧ್ಯೆ ಮಗುವಿನ ಅಜ್ಜನಿಗೆ ಗೊತ್ತಾಯಿತು. ಆಮೇಲೆ ಏನಾಯಿತು ಅಂತ ಬರೆಯುವುದಿಲ್ಲ, ಮಾವ ಇದನ್ನು ಓದುತ್ತಾರೆ. ಗೆರೆ ಎಲ್ಲ ಕಡೆಗೂ ಹಾರಿದರೆ ಹೀಗೇ ಆಗುವುದು. ಇಬ್ಬರನ್ನೂ ಕರೆದರೆ ಇಬ್ಬರೂ ಸಿಟ್ಟಾಗುತ್ತಾರೆ. ಅಂದಿನಿಂದ ಶುಭ ಕಾರ್ಯಕ್ಕೆ ಜಾಗ ಇಲ್ಲ ಅಂತ ಮಾವನೇ ಹೇಳುತ್ತಾರೆ. ಬೋರ್ಡು ಹಾಗೇ ಇದೆ, ಗಿರಾಕಿ ಬರುವುದು ಅಡುಗೆ ಭಟ್ಟರ ಬಾಯಿಂದ. ಮಗಳ ಮದುವೆಯೂ ಆಯಿತು, ಹೈವೇ ಬದಿಯ ಎಸಿ ಹಾಲ್‌ನಲ್ಲಿ.

ಮೊನ್ನೆ ಒಬ್ಬರು ಫೋನ್ ಮಾಡಿದ್ದರು. "ಸಾರ್, ನಿಮ್ಮ ಮಾವನದು ಚೆನ್ನಾಗಿ ನಡೀತಿದೆಯಂತೆ. ನಂದೂ ಒಂದು ಚೌಟ್ರಿ ಇದೆ, ಅಲ್ಲೇ ಹತ್ತಿರ. ವಾರದ ದಿನ ಖಾಲಿ ಹೊಡೀತದೆ. ನಾನೂ ತಿಥಿಗೆ ಕೊಡ್ಲಾ?"

"ಧಾರಾಳವಾಗಿ ಕೊಡಿ" ಅಂದೆ. "ಮುಂದಿನ ಭಾನುವಾರ ನಿಮ್ಮಲ್ಲಿ ಯಾರದ್ದಾದರೂ ಮದುವೆ ಇದೆಯಾ?"

"ಇದೆ ಸಾರ್."

"ಶನಿವಾರ ತಿಥಿಗೆ ಕೊಡ್ತಾ ಇದ್ದೀನಿ ಅಂತ ಅವರಿಗೆ ಒಂದು ಮಾತು ಹೇಳಿ ನೋಡಿ."

ಫೋನ್ ಕಟ್ಟಾಯಿತು. ಸಿಗ್ನಲ್ ಹೋಗಿರಬೇಕು.